ಪುಣೆಯಿಂದ ಹೋದ ಒಂದು ಪತ್ರ ಮತ್ತು ತೊಂಬತ್ತು ದಿನಗಳ ಲೆಕ್ಕ



ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳದ ಬಗ್ಗೆ ಯಾರು ಮಾತಾಡಿದರೂ ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಿಂದ ಶುರುಮಾಡುತ್ತಾರೆ. ಅದು ಸರಿಯೇ. ಸರಕಾರದ ಮಹಿಳಾ ಅಭಿವೃದ್ಧಿ ಯೋಜನೆಯಲ್ಲಿ ‘ಸಾಥಿನ್’ ಆಗಿ ದುಡಿಯುತ್ತಿದ್ದ ಭಂವರಿ ದೇವಿ ಬಾಲ್ಯವಿವಾಹ ತಡೆಯಲು ಹೋದರು. ಅದಕ್ಕೆ ಸೇಡಾಗಿ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಕೆಲಸ ಮಾಡಿದ್ದಕ್ಕೇ ಈ ಶಿಕ್ಷೆ ಬಂದಿತ್ತು, ಆದರೆ ಕೆಲಸ ಕೊಟ್ಟವರಿಗೆ ಇದರ ಹೊಣೆ ಇದೆ ಎಂದು ಹೇಳುವ ಕಾನೂನು ದೇಶದಲ್ಲಿ ಇರಲಿಲ್ಲ. ‘ವಿಶಾಖಾ’ ಎಂಬ ಹೆಸರಿನಲ್ಲಿ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರ ಆಗಸ್ಟ್ 13ರಂದು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಪೀಠ ತೀರ್ಪು ಕೊಟ್ಟು, ಸಂಸತ್ತು ಕಾಯ್ದೆ ಮಾಡುವವರೆಗೆ ಪ್ರತಿ ಸಂಸ್ಥೆಯೂ ಒಂದು ದೂರು ಸಮಿತಿ ಇಟ್ಟುಕೊಳ್ಳಬೇಕು, ಅದರ ಮುಖ್ಯಸ್ಥೆ ಹೆಂಗಸಾಗಿರಬೇಕು, ಹೊರಗಿನವರೊಬ್ಬರು ಅದರಲ್ಲಿರಬೇಕು ಎಂದು ಹೇಳಿತು.

ಇದರ ಮುಂದಿನ ಅಧ್ಯಾಯ ಶುರುವಾದದ್ದು ನಾವು ಕೂತಿರುವ ಈ ಊರಿನಿಂದ. ಪುಣೆಯಲ್ಲಿ ‘ಆಲೋಚನಾ’ ಎಂಬ ಮಹಿಳಾ ದಾಖಲಾತಿ ಮತ್ತು ಸಂಶೋಧನಾ ಕೇಂದ್ರವಿದೆ. ಅಲ್ಲಿ ಕೆಲಸ ಮಾಡುತ್ತಿದ್ದ ಡಾ. ಮೇಧಾ ಕೋತವಾಲ್ ಲೇಲೆ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ತೀರ್ಪು ಬಂದಿದೆ, ಆದರೆ ಅದು ಜಾರಿಯಾಗಿಲ್ಲ ಎಂಬುದಕ್ಕೆ ನಿಜವಾದ ಪ್ರಕರಣಗಳನ್ನು ಒಂದೊಂದಾಗಿ ಮುಂದಿಟ್ಟರು. ಕೋರ್ಟು ಆ ಪತ್ರವನ್ನೇ 1999ರಲ್ಲಿ ರಿಟ್ ಅರ್ಜಿಯಾಗಿ ತೆಗೆದುಕೊಂಡಿತು. ಅದರ ಅಂತಿಮ ತೀರ್ಪು ಬಂದದ್ದು 2012ರ ಅಕ್ಟೋಬರ್ 19ಕ್ಕೆ. ಆರು ತಿಂಗಳು ಕಳೆದು, 2013ರ ಏಪ್ರಿಲ್‌ನಲ್ಲಿ, ನಾವು ಇವತ್ತು ‘ಪಾಷ್ ಕಾಯ್ದೆ’ ಎಂದು ಕರೆಯುವ ಕಾನೂನಿಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಆ ವರ್ಷದ ಡಿಸೆಂಬರ್ 9ರಿಂದ ಅದು ಜಾರಿಯಲ್ಲಿದೆ.

ಪುಣೆಯ ಆ ಪ್ರಕರಣದಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು ಕೊನೆಯ ತೀರ್ಪಲ್ಲ, ನಡುವೆ 2004ರ ಏಪ್ರಿಲ್ 26ರಂದು ಬಂದ ಒಂದು ಚಿಕ್ಕ ಆದೇಶ. ಅಲ್ಲಿಯವರೆಗೆ ಆಗುತ್ತಿದ್ದುದನ್ನು ಕೇಳಿ. ಹೆಣ್ಣುಮಗಳು ಸಮಿತಿಯ ಮುಂದೆ ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದಳು. ಸಮಿತಿ ಕೇಳಿ, ತೂಗಿ, ದೂರು ನಿಜವೆಂದು ವರದಿ ಬರೆಯುತ್ತಿತ್ತು. ಆಮೇಲೆ ಇಲಾಖೆ, ಇದು ಬರೀ ಪ್ರಾಥಮಿಕ ವರದಿ, ಇನ್ನು ನಮ್ಮ ಶಿಸ್ತು ನಿಯಮಗಳ ಪ್ರಕಾರ ಇಲಾಖಾ ವಿಚಾರಣೆ ಆಗಬೇಕು ಎನ್ನುತ್ತಿತ್ತು. ಅದೇ ಹೆಣ್ಣುಮಗಳು ಇನ್ನೊಬ್ಬ ಅಧಿಕಾರಿಯ ಮುಂದೆ ಮತ್ತೆ ಮೊದಲಿನಿಂದ ಎಲ್ಲವನ್ನೂ ಹೇಳಬೇಕಾಗುತ್ತಿತ್ತು. ಎರಡನೆಯ ಸಲ ಹೇಳುವ ಶಕ್ತಿ ಎಷ್ಟು ಜನರಿಗಿರುತ್ತದೆ? 2004ರ ಆದೇಶ ಈ ಗಂಟನ್ನು ಕತ್ತರಿಸಿತು. ದೂರು ಸಮಿತಿಯನ್ನೇ ವಿಚಾರಣಾಧಿಕಾರಿ ಎಂದು, ಅದರ ವರದಿಯನ್ನೇ ಶಿಸ್ತು ಕ್ರಮದ ವಿಚಾರಣಾ ವರದಿ ಎಂದು ಭಾವಿಸಬೇಕೆಂದು ಕೋರ್ಟು ಹೇಳಿತು. ಸಮಿತಿಗೆ ಹಲ್ಲು ಬಂದದ್ದು ಆ ದಿನ.

ಆದರೆ ಹಲ್ಲು ಬಂದ ಮೇಲೆ ಎರಡು ಪ್ರಶ್ನೆಗಳೂ ಬಂದವು. ಇಷ್ಟು ತೂಕದ ವರದಿ ಬರೆಯುವವರು ಯಾರು? ಅವರು ಅದನ್ನು ಎಷ್ಟು ದಿನದಲ್ಲಿ, ಯಾವ ಹೆಜ್ಜೆಗಳಲ್ಲಿ ಬರೆಯಬೇಕು? ಇವತ್ತಿನ ಉಪನ್ಯಾಸವನ್ನು ಈ ಎರಡಕ್ಕೇ ಮೀಸಲಿಡುತ್ತೇನೆ. ಕೆಲವು ಸಂಸ್ಥೆಗಳ ಸಮಿತಿಗಳಲ್ಲಿ ಹೊರಗಿನ ಸದಸ್ಯೆಯಾಗಿ ಕೂತವಳು ನಾನು. ದೂರು ಬಿದ್ದುಹೋಗುವುದು ಬಹಳ ಸಲ ಸಾಕ್ಷ್ಯವಿಲ್ಲದ್ದರಿಂದ ಅಲ್ಲ, ಇವೆರಡರಲ್ಲಿ ಒಂದು ತಪ್ಪಿದ್ದರಿಂದ ಎಂದು ನನ್ನ ನಂಬಿಕೆ.

ಮೊದಲು ಸಮಿತಿಯ ರಚನೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಪ್ರತಿ ಸಂಸ್ಥೆಯಲ್ಲೂ ಮಾಲೀಕರು ಲಿಖಿತ ಆದೇಶದ ಮೂಲಕ ಆಂತರಿಕ ಸಮಿತಿಯನ್ನು ರಚಿಸಬೇಕು. ಕಂಪನಿಗೆ ಬೆಂಗಳೂರಲ್ಲಿ ಮುಖ್ಯ ಕಚೇರಿ, ಹಿಂಜವಡಿಯಲ್ಲಿ ಶಾಖೆ ಇದ್ದರೆ ಹಿಂಜವಡಿಗೆ ಬೇರೆಯದೇ ಸಮಿತಿ ಬೇಕು, ಬೆಂಗಳೂರಿನದನ್ನು ತೋರಿಸಿದರೆ ಸಾಲದು. ಅಧ್ಯಕ್ಷೆ ಆ ಕಚೇರಿಯಲ್ಲೇ ಹಿರಿಯ ಹುದ್ದೆಯಲ್ಲಿರುವ ಹೆಂಗಸಾಗಿರಬೇಕು. ನೌಕರರಿಂದ ಕನಿಷ್ಠ ಇಬ್ಬರು ಸದಸ್ಯರು, ಹೊರಗಿನಿಂದ ಒಬ್ಬರು. ಒಟ್ಟು ಸದಸ್ಯರಲ್ಲಿ ಕಡೇಪಕ್ಷ ಅರ್ಧದಷ್ಟು ಹೆಂಗಸರು. ಒಬ್ಬರ ಅವಧಿ ಮೂರು ವರ್ಷಕ್ಕೆ ಮೀರುವಂತಿಲ್ಲ. ಈ ಆದೇಶವನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಹಾಕಬೇಕು.

ಗಮನಿಸಿ, ಈ ಸಮಿತಿಯನ್ನು ನೇಮಿಸುವವರು ಮಾಲೀಕರು. ಅಧ್ಯಕ್ಷೆಗೂ ಇಬ್ಬರು ಸದಸ್ಯರಿಗೂ ಸಂಬಳ ಕೊಡುವವರು, ಬಡ್ತಿ ಕೊಡುವವರು ಅವರೇ. ದೂರು ಒಬ್ಬ ದೊಡ್ಡ ಮ್ಯಾನೇಜರನ ಮೇಲಿದ್ದರೆ ಒಳಗಿನ ಮೂವರ ಮೇಲೂ ಒತ್ತಡ ಇದ್ದೇ ಇರುತ್ತದೆ. ಅವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ನಾಳೆ ಬೆಳಿಗ್ಗೆ ಅದೇ ಮ್ಯಾನೇಜರನಿಂದ ರಜೆಗೆ ಸಹಿ ಹಾಕಿಸಿಕೊಳ್ಳಬೇಕಾದವರು ಅವರು. ಈ ಒತ್ತಡಕ್ಕೆ ಎದುರಾಗಿ ನಿಲ್ಲಲೆಂದೇ ಕಾನೂನು ಹೊರಗಿನ ಸದಸ್ಯರನ್ನು ಇಟ್ಟಿದೆ. ಆ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಎಂದು ನೋಡಿದರೆ ಸಮಿತಿಯ ಗುಣ ಅರ್ಧ ತಿಳಿದುಬಿಡುತ್ತದೆ.

ಇಂದೋರಿನ ಒಂದು ಪ್ರಕರಣ ಇದಕ್ಕೆ ಕನ್ನಡಿ. ಪಂಜಾಬ್ ಅಂಡ್ ಸಿಂಧ್ ಬ್ಯಾಂಕಿನ ಒಬ್ಬ ಮಹಿಳಾ ಅಧಿಕಾರಿ ಶಾಖೆಯ ಅಕ್ರಮಗಳ ಬಗ್ಗೆ ಬರೆದರು, ಮೇಲಧಿಕಾರಿಯ ಮೇಲೆ ಕಿರುಕುಳದ ದೂರೂ ಕೊಟ್ಟರು. ಅವರನ್ನು ಜಬಲ್ಪುರ ಜಿಲ್ಲೆಯ ಒಂದು ಶಾಖೆಗೆ ವರ್ಗ ಮಾಡಲಾಯಿತು. ಅವರ ದೂರನ್ನು ನೋಡಿದ ಸಮಿತಿಯಲ್ಲಿ ‘ಹೊರಗಿನ ಸದಸ್ಯ’ ಎಂದು ಕೂತವರು ಆ ಬ್ಯಾಂಕಿನದೇ ಪ್ಯಾನಲ್ ವಕೀಲರು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಆ ವರ್ಗಾವಣೆ ರದ್ದಾದದ್ದನ್ನು ಎತ್ತಿಹಿಡಿಯಿತು. ಸಮಿತಿ ಕಾನೂನಿಗೆ ತಕ್ಕಂತೆ ಇರಲಿಲ್ಲ, ಬ್ಯಾಂಕಿನಿಂದ ಫೀ ಪಡೆಯುವ ವಕೀಲರು ಸ್ವತಂತ್ರ ಸದಸ್ಯರಾಗುವುದಿಲ್ಲ ಎಂಬ ವಿಚಾರ ಅಲ್ಲಿ ಖಚಿತವಾಯಿತು. ಅದಕ್ಕೂ ಮುಂಚೆ, 2018ರಲ್ಲಿ, ಏರ್ ಫ್ರಾನ್ಸ್ ಸಂಸ್ಥೆಯ ಪ್ರಕರಣದಲ್ಲಿ ದೆಹಲಿ ಹೈಕೋರ್ಟು ಇದೇ ಕಾರಣಕ್ಕೆ ಸಮಿತಿಯನ್ನು ಹೊಸದಾಗಿ ರಚಿಸಿ, ವಿಚಾರಣೆಯನ್ನು ಮೊದಲಿನಿಂದ ಮಾಡಿ ಎಂದಿತ್ತು. ಹೊರಗಿನವರು ಅಂದರೆ ಬರೀ ಸಂಬಳಪಟ್ಟಿಯ ಹೊರಗಿನವರಲ್ಲ. ಮಹಿಳೆಯರ ಪರ ಕೆಲಸ ಮಾಡುವ ಸಂಸ್ಥೆಯಿಂದ ಬಂದವರು, ಇಲ್ಲವೇ ಈ ವಿಷಯವನ್ನು ನಿಜವಾಗಿ ಬಲ್ಲವರು.

ಹೊರಗಿನ ಸದಸ್ಯರಿಗೆ ನಿಯಮದ ಪ್ರಕಾರ ಸಿಗಬೇಕಾದ ಭತ್ಯೆ ದಿನಕ್ಕೆ 200 ರೂಪಾಯಿ, ಜೊತೆಗೆ ಪ್ರಯಾಣದ ಖರ್ಚು. ಕಂಪನಿಗಳು ಇದಕ್ಕಿಂತ ಬಹಳ ಹೆಚ್ಚು ಕೊಡುವುದುಂಟು. ಹೆಚ್ಚು ಕೊಡುವುದೇ ತಪ್ಪೆಂದು ನಾನು ಹೇಳಲಾರೆ, ಇನ್ನೂರು ರೂಪಾಯಿಗೆ ಇಡೀ ದಿನ ಯಾರು ಬರುತ್ತಾರೆ? ಆದರೆ ಒಬ್ಬರೇ ಹತ್ತಾರು ಕಂಪನಿಗಳ ಸಮಿತಿಯಲ್ಲಿ ಕೂತು, ಮುಂದಿನ ವರ್ಷವೂ ಕರೆಯಲಿ ಎಂದು ಕಾಯುವ ಸ್ಥಿತಿ ಬಂದರೆ ಅವರ ಸ್ವಾತಂತ್ರ್ಯದ ಮೇಲೆ ನೆರಳು ಬೀಳುತ್ತದೆ. ಇನ್ನೊಂದು ದೋಷ ನಿಯಮದಲ್ಲೇ ಇದೆ. ವಿಚಾರಣೆ ನಡೆಸಲು ಅಧ್ಯಕ್ಷೆ ಸೇರಿ ಮೂವರು ಸದಸ್ಯರಿದ್ದರೆ ಸಾಕು, ಕೋರಂ ಆಯಿತು. ಆ ಮೂವರಲ್ಲಿ ಹೊರಗಿನವರು ಇರಲೇಬೇಕೆಂದು ನಿಯಮ ಹೇಳುವುದಿಲ್ಲ. ಹಾಗಾಗಿ ಮುಖ್ಯವಾದ ಸಾಕ್ಷಿಯ ದಿನ ಹೊರಗಿನ ಸದಸ್ಯರಿಗೆ ‘ತಾರೀಖು ಹೊಂದಲಿಲ್ಲ’ ಎಂದು ಒಳಗಿನ ಮೂವರೇ ಮುಗಿಸಿಬಿಡಬಹುದು. ದೂರು ಕೊಡುವವರು ಮೊದಲ ದಿನವೇ ಲಿಖಿತವಾಗಿ ಕೇಳಿಕೊಳ್ಳಬೇಕು: ಪ್ರತಿ ಬೈಠಕ್ಕಿಗೂ ಹೊರಗಿನ ಸದಸ್ಯರು ಇರಲಿ ಎಂದು. ಕೇಳಿದ್ದು ದಾಖಲೆಗೆ ಬಂದರೆ ಅದಕ್ಕೊಂದು ಬೆಲೆ ಇದ್ದೇ ಇರುತ್ತದೆ.

ಇನ್ನು ದಿನಗಳ ಲೆಕ್ಕ. ಇದಕ್ಕೆ ಒಂದು ಪ್ರಕರಣವನ್ನು ಕಲ್ಪಿಸಿಕೊಳ್ಳೋಣ. ಕಲ್ಪನೆಯೆಂದೇ ಹೇಳುತ್ತಿದ್ದೇನೆ, ಯಾರದೋ ಗುಟ್ಟನ್ನು ವೇಷ ಬದಲಿಸಿ ತಂದದ್ದಲ್ಲ. ಕಲಬುರಗಿ ಕಡೆಯ ಹುಡುಗಿ, ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. 2024ರ ನವೆಂಬರ್‌ನಿಂದ ಟೀಮ್ ಲೀಡ್ ರಾತ್ರಿ ಹೊತ್ತು ಮೆಸೇಜು ಕಳಿಸುತ್ತಾನೆ. ಮೊದಮೊದಲು ಕೆಲಸದ ವಿಚಾರ, ಆಮೇಲೆ ಅವಳ ಬಟ್ಟೆಯ ಮಾತು, ಆಮೇಲೆ ಹೇಳಬಾರದ ಮಾತು. 2025ರ ಜನವರಿ 6ರ ರಾತ್ರಿ ಕಂಪನಿಯ ಕ್ಯಾಬಿನಲ್ಲಿ ಮನೆಗೆ ಬರುವಾಗ ಮೈಮುಟ್ಟುತ್ತಾನೆ. ಅವಳು ಮ್ಯಾನೇಜರಿಗೆ ಹೇಳುತ್ತಾಳೆ. ಮ್ಯಾನೇಜರು ಎಚ್‌ಆರ್‌ಗೆ ಹೇಳು ಎನ್ನುತ್ತಾರೆ. ಎಚ್‌ಆರ್‌ನವರು, ಮಾತಾಡಿ ಬಗೆಹರಿಸೋಣ, ನೋಡೋಣ, ಎನ್ನುತ್ತಾರೆ. ಫೆಬ್ರುವರಿ ಕಳೆಯುತ್ತದೆ.

ಬಹುಪಾಲು ದೂರುಗಳು ಸಾಯುವುದು ಈ ‘ನೋಡೋಣ’ದಲ್ಲಿ. ಕಾನೂನಿನ ಗಡಿಯಾರ ಎಚ್‌ಆರ್‌ಗೆ ಬಾಯಲ್ಲಿ ಹೇಳಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ದೂರು ಬರವಣಿಗೆಯಲ್ಲಿ, ಸಮಿತಿಯ ಹೆಸರಿಗೆ ಹೋಗಬೇಕು. ಘಟನೆಯಿಂದ ಮೂರು ತಿಂಗಳೊಳಗೆ. ಸಾಲಾಗಿ ಘಟನೆಗಳಾಗಿದ್ದರೆ ಕೊನೆಯದರಿಂದ ಎಣಿಕೆ, ಆದ್ದರಿಂದ ಇಲ್ಲಿ ಗಡುವು ಏಪ್ರಿಲ್ 6, ಮತ್ತು ನವೆಂಬರಿನ ಮೆಸೇಜುಗಳೂ ದೂರಿನೊಳಗೆ ಬರುತ್ತವೆ. ತಡವಾದರೆ ಕಾರಣ ಬರೆದು ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು, ಅದಕ್ಕಿಂತ ಹೆಚ್ಚಿಲ್ಲ. ಕೋಲ್ಕತ್ತದ ಕಾನೂನು ವಿಶ್ವವಿದ್ಯಾಲಯವೊಂದರ ಪ್ರಕರಣದಲ್ಲಿ ಕೊನೆಯ ಘಟನೆ 2023ರ ಏಪ್ರಿಲ್‌ನಲ್ಲಿ, ದೂರು ಡಿಸೆಂಬರ್‌ನಲ್ಲಿ. ಆರು ತಿಂಗಳು ಮೀರಿತ್ತು. 2025ರಲ್ಲಿ ಸುಪ್ರೀಂ ಕೋರ್ಟು ಆ ದೂರನ್ನು ಅವಧಿ ಮೀರಿದ್ದೆಂದೇ ಹೇಳಬೇಕಾಯಿತು. ಪೊಲೀಸರಿಗೆ ಕೊಡುವ ದೂರಿಗೆ ಈ ಮೂರು ತಿಂಗಳ ಕಟ್ಟಿಲ್ಲ, ಅದು ಬೇರೆ ದಾರಿ, ಎರಡನ್ನೂ ಒಟ್ಟಿಗೆ ಹಿಡಿಯಲೂಬಹುದು.

ನಮ್ಮ ಹುಡುಗಿ ಮಾರ್ಚ್ 10ರಂದು, ಸೋಮವಾರ, ದೂರು ಕೊಡುತ್ತಾಳೆ ಎಂದಿಟ್ಟುಕೊಳ್ಳಿ. ಆರು ಪ್ರತಿ, ಜೊತೆಗೆ ಮೆಸೇಜುಗಳ ಸ್ಕ್ರೀನ್‌ಶಾಟ್, ಸಾಕ್ಷಿಗಳ ಹೆಸರು, ವಿಳಾಸ. ಬರೆಯಲು ಬಾರದವರಿಗೆ ಬರೆದುಕೊಡುವುದು ಅಧ್ಯಕ್ಷೆಯ ಅಥವಾ ಸದಸ್ಯರ ಕರ್ತವ್ಯ ಎಂದು ಕಾಯ್ದೆಯೇ ಹೇಳುತ್ತದೆ. ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವವರು, ಗುತ್ತಿಗೆ ಸ್ವಚ್ಛತಾ ಕೆಲಸದವರು, ತರಬೇತಿಗೆ ಬಂದವರು, ಎಲ್ಲರೂ ಈ ಸಮಿತಿಯ ಮುಂದೆ ಹೋಗಬಹುದು.

ಅಂದಿನಿಂದ ಏಳು ಕೆಲಸದ ದಿನಗಳೊಳಗೆ ಒಂದು ಪ್ರತಿ ಪ್ರತಿವಾದಿಗೆ ಹೋಗಬೇಕು. ಮಾರ್ಚ್ 14 ಧೂಳಿವಂದನದ ರಜೆ, ಶನಿವಾರ ಭಾನುವಾರ ಬಿಟ್ಟರೆ ಮಾರ್ಚ್ 20. ಅವನಿಗೆ ಉತ್ತರ ಕೊಡಲು ಹತ್ತು ಕೆಲಸದ ದಿನ. ಮಾರ್ಚ್ 31ರ ರಂಜಾನ್ ಹಬ್ಬ ಕಳೆದರೆ ಏಪ್ರಿಲ್ 4. ಈ ಹೊತ್ತಿಗೆ ಪುಣೆಯ ಕಂಪನಿಗಳಲ್ಲಿ ಏನು ನಡೆಯುತ್ತಿರುತ್ತದೆ? ಅಪ್ರೈಸಲ್. ಯಾರ ಮೇಲೆ ದೂರಿದೆಯೋ ಅವನೇ ಅವಳ ವರ್ಷದ ಕೆಲಸಕ್ಕೆ ಅಂಕ ಕೊಡುವವನು. ಇದಕ್ಕೇ ಮಧ್ಯಂತರ ಪರಿಹಾರ ಇರುವುದು. ಅವಳು ಬರೆದು ಕೇಳಿದರೆ ಸಮಿತಿ ಮಾಲೀಕರಿಗೆ ಶಿಫಾರಸು ಮಾಡಬಹುದು: ಅವಳ ಕೆಲಸದ ವರದಿಯನ್ನು ಅವನು ಬರೆಯಬಾರದು, ಇಬ್ಬರಲ್ಲಿ ಒಬ್ಬರನ್ನು ಬೇರೆ ಕಡೆ ಹಾಕಬೇಕು, ಅವಳಿಗೆ ಮೂರು ತಿಂಗಳವರೆಗೆ ಹೆಚ್ಚುವರಿ ರಜೆ ಕೊಡಬೇಕು. ಮಾಲೀಕರು ಅದನ್ನು ಜಾರಿಮಾಡಿ ಸಮಿತಿಗೆ ತಿಳಿಸಬೇಕು. ಕೇಳದಿದ್ದರೆ ಸಿಗುವುದಿಲ್ಲ, ಅದೂ ಬರವಣಿಗೆಯಲ್ಲಿ ಕೇಳಬೇಕು. ಇದು ತಿಳಿಯದೆ ಎಷ್ಟೋ ಜನ ವಿಚಾರಣೆ ಗೆದ್ದು ಬಡ್ತಿ ಕಳೆದುಕೊಂಡಿದ್ದಾರೆ.

ಪ್ರತಿವಾದಿ ಉತ್ತರ ಕೊಡುತ್ತಾನೆ: ಅವಳ ಕೆಲಸ ಚೆನ್ನಾಗಿರಲಿಲ್ಲ, ಬೈದೆ, ಅದಕ್ಕೆ ಸೇಡು. ಕ್ಯಾಬಿನ ವಿಷಯ ಆಫೀಸಿನ ಹೊರಗಿನದು, ಸಮಿತಿಗೆ ಅಧಿಕಾರವಿಲ್ಲ. ಎರಡನೆಯ ಮಾತು ನಿಲ್ಲುವುದಿಲ್ಲ. ಕೆಲಸದ ನಿಮಿತ್ತ ಹೋಗುವ ಜಾಗ, ಮಾಲೀಕರು ಕೊಟ್ಟ ವಾಹನ, ಎಲ್ಲವೂ ಕಾಯ್ದೆಯ ಕಣ್ಣಿಗೆ ಕೆಲಸದ ಸ್ಥಳವೇ. ಮೊದಲನೆಯದಕ್ಕೆ ಸಾಕ್ಷ್ಯ ಬೇಕು. ನಾನು ಸಮಿತಿಯಲ್ಲಿದ್ದರೆ ಕೇಳುವ ಮೊದಲ ಪ್ರಶ್ನೆ, ಆ ರಾತ್ರಿ ಮನೆಗೆ ಬಂದ ಮೇಲೆ ನೀನು ಯಾರಿಗೆ ಹೇಳಿದೆ ಎಂಬುದು. ರೂಮಿನ ಗೆಳತಿಗೆ ಹೇಳಿದ್ದರೆ ಅವಳು ಸಾಕ್ಷಿ. ಅಕ್ಕನಿಗೆ ಫೋನ್ ಮಾಡಿದ್ದರೆ ಆ ಕರೆಯ ಸಮಯ ಸಾಕ್ಷಿ. ಕ್ಯಾಬಿನ ಟ್ರಿಪ್ ಶೀಟು, ಚಾಲಕ, ಮುಂಚಿನ ವರ್ಷಗಳ ಅಪ್ರೈಸಲ್ ಅಂಕಗಳು. ಕೆಲಸ ಕೆಟ್ಟಿತ್ತೆಂಬ ಮಾತು ದೂರು ಬರುವ ಮೊದಲು ಎಲ್ಲಾದರೂ ಬರವಣಿಗೆಯಲ್ಲಿದೆಯೇ ಎಂದು ನೋಡಬೇಕು. ಕ್ರಿಮಿನಲ್ ಕೋರ್ಟಿನಲ್ಲಿರುವಂತೆ ಸಂಶಯಕ್ಕೆ ಎಡೆಯೇ ಇಲ್ಲದ ಸಾಬೀತು ಇಲ್ಲಿ ಬೇಕಾಗಿಲ್ಲ. ಎಲ್ಲವನ್ನೂ ತೂಗಿದಾಗ ಯಾವುದು ನಡೆದಿರುವ ಸಂಭವ ಹೆಚ್ಚು ಎಂಬುದು ಅಳತೆ. ಕಣ್ಣಾರೆ ಕಂಡವರಿಲ್ಲ ಎಂಬ ಒಂದೇ ಕಾರಣಕ್ಕೆ ದೂರನ್ನು ತಳ್ಳಿಹಾಕುವ ಸಮಿತಿ ತನ್ನ ಕೆಲಸ ತಿಳಿಯದ ಸಮಿತಿ.

ಇಬ್ಬರಿಗೂ ವಕೀಲರನ್ನು ತರುವ ಅವಕಾಶವಿಲ್ಲ. ಪಾಟೀ ಸವಾಲು ಇರುತ್ತದೆ, ಆದರೆ ಎದುರುಬದುರು ಕೂರಿಸಿ ಕೂಗಾಡಿಸಬೇಕಿಲ್ಲ. ಪ್ರಶ್ನೆಗಳನ್ನು ಬರೆದುಕೊಂಡು ಸಮಿತಿಯ ಮೂಲಕ ಕೇಳಿಸುವುದು ಒಳ್ಳೆಯ ಸಮಿತಿಗಳ ರೂಢಿ. ಯಾರಾದರೂ ಸಕಾರಣವಿಲ್ಲದೆ ಸತತ ಮೂರು ಬೈಠಕ್ಕಿಗೆ ಬಾರದಿದ್ದರೆ ಹದಿನೈದು ದಿನದ ಲಿಖಿತ ನೋಟೀಸು ಕೊಟ್ಟು ಸಮಿತಿ ವಿಚಾರಣೆ ನಿಲ್ಲಿಸಬಹುದು ಅಥವಾ ಏಕಪಕ್ಷೀಯವಾಗಿ ತೀರ್ಮಾನಿಸಬಹುದು. ರಾಜಿ ಬೇಕೆಂದು ಅವಳೇ ಕೇಳಿದರೆ ವಿಚಾರಣೆ ಶುರುವಾಗುವ ಮೊದಲು ರಾಜಿಗೂ ದಾರಿಯಿದೆ, ಆದರೆ ಹಣದ ಆಧಾರದ ಮೇಲೆ ರಾಜಿಯಾಗುವಂತಿಲ್ಲ. ಎಚ್‌ಆರ್‌ನವರು ಅವಳನ್ನು ಕರೆದು ರಾಜಿಯಾಗು ಎನ್ನುವುದು ಕಾಯ್ದೆ ಹೇಳಿದ ರಾಜಿಯಲ್ಲ.

ವಿಚಾರಣೆ ತೊಂಬತ್ತು ದಿನದಲ್ಲಿ ಮುಗಿಯಬೇಕು. ದೂರು ಬಂದ ದಿನದಿಂದ ಎಣಿಸಿದರೆ ಜೂನ್ 8, ಅದು ಭಾನುವಾರ, ಅಂದರೆ ಶುಕ್ರವಾರ ಜೂನ್ 6ಕ್ಕೆ ಮುಗಿಸಬೇಕು. ಇಲ್ಲಿ ಬಹಳಷ್ಟು ಸಮಿತಿಗಳು ಮರೆಯುವ ಹೆಜ್ಜೆಯೊಂದಿದೆ. ಇಬ್ಬರೂ ಅದೇ ಸಂಸ್ಥೆಯ ನೌಕರರಾಗಿದ್ದರೆ, ಸಮಿತಿ ತನ್ನ ತೀರ್ಮಾನಗಳ ಪ್ರತಿಯನ್ನು ಇಬ್ಬರಿಗೂ ಕೊಟ್ಟು, ಇದರ ಮೇಲೆ ನಿಮ್ಮ ಹೇಳಿಕೆ ಏನು ಎಂದು ಕೇಳಬೇಕು. ಆ ಹೇಳಿಕೆ ನೋಡಿದ ಮೇಲೆಯೇ ಅಂತಿಮ ವರದಿ. ಇದಕ್ಕೆ ಒಂದು ವಾರವಾದರೂ ಬೇಕು. ಹಾಗಾದರೆ ಸಾಕ್ಷಿಗಳನ್ನು ಕೇಳುವುದು ಮೇ ಮಧ್ಯದೊಳಗೆ ಮುಗಿಯಬೇಕು. ಏಪ್ರಿಲ್ ಪೂರ್ತಿ ಕೈಕಟ್ಟಿ ಕೂತು ಮೇ ಕೊನೆಗೆ ಎಚ್ಚೆತ್ತ ಸಮಿತಿ ಈ ಹೆಜ್ಜೆಯನ್ನೇ ನುಂಗಿಬಿಡುತ್ತದೆ. ಆಮೇಲೆ ಪ್ರತಿವಾದಿ ಕೋರ್ಟಿಗೆ ಹೋಗಿ, ನನಗೆ ಅವಕಾಶ ಕೊಡಲಿಲ್ಲ ಎನ್ನುತ್ತಾನೆ. ಅವನು ಹೇಳುವುದು ನಿಜವೇ ಆಗಿರುತ್ತದೆ.

ಆತುರದ ಬೆಲೆ ಎಷ್ಟು ದೊಡ್ಡದು ಎಂಬುದಕ್ಕೆ ಗೋವಾ ವಿಶ್ವವಿದ್ಯಾಲಯದ ಪ್ರಕರಣವನ್ನು ನೋಡಬೇಕು. 2009ರಲ್ಲಿ ವಿದ್ಯಾರ್ಥಿನಿಯರು ಒಬ್ಬ ವಿಭಾಗ ಮುಖ್ಯಸ್ಥರ ಮೇಲೆ ದೂರು ಕೊಟ್ಟರು. ಸಮಿತಿ ವಿಚಾರಣೆ ಶುರುಮಾಡಿತು. ಮೇ ತಿಂಗಳಲ್ಲಿ ಅದು ಬೈಠಕ್ಕಿನ ಮೇಲೆ ಬೈಠಕ್ಕು ಇಟ್ಟು, ಪ್ರತಿವಾದಿ ಅನಾರೋಗ್ಯದ ಕಾರಣ ಕೊಟ್ಟು ಕೇಳಿದ ಸಮಯವನ್ನೂ ಕೊಡದೆ ಮುಗಿಸಿತು. ಅವರು ಕೆಲಸ ಕಳೆದುಕೊಂಡರು, ಬಾಂಬೆ ಹೈಕೋರ್ಟಿನಲ್ಲೂ ಸೋತರು. 2023ರ ಮೇ 12ರಂದು ಸುಪ್ರೀಂ ಕೋರ್ಟು ಅದೆಲ್ಲವನ್ನೂ ರದ್ದುಮಾಡಿ, ಸಮಿತಿ ದಾರಿ ತಪ್ಪಿದ ಹಂತದಿಂದಲೇ ವಿಚಾರಣೆಯನ್ನು ಮತ್ತೆ ನಡೆಸಿ ಎಂದಿತು. ಹದಿನಾಲ್ಕು ವರ್ಷ. ಆ ವಿದ್ಯಾರ್ಥಿನಿಯರು ಅಷ್ಟು ಹೊತ್ತಿಗೆ ಎಲ್ಲೆಲ್ಲಿದ್ದರೋ, ಅವರಿಗೆ ಮತ್ತೆ ಸಮಿತಿಯ ಮುಂದೆ ಬನ್ನಿ ಎಂದು ಹೇಳುವ ಸ್ಥಿತಿ ಬಂತು. ಪ್ರತಿವಾದಿಗೆ ನ್ಯಾಯವಾಗಿ ಸಲ್ಲಬೇಕಾದ ಸಮಯವನ್ನು ಕೊಡುವುದು ಅವನ ಮೇಲಿನ ದಯೆಯಿಂದಲ್ಲ. ದೂರುದಾರೆಯ ಗೆಲುವು ಮೇಲಿನ ಕೋರ್ಟಿನಲ್ಲೂ ನಿಲ್ಲಬೇಕಾದರೆ ಅದು ಬೇಕು.

ವಿಚಾರಣೆ ಮುಗಿದ ಹತ್ತು ದಿನದೊಳಗೆ ವರದಿ ಮಾಲೀಕರಿಗೂ ಇಬ್ಬರು ಪಕ್ಷಗಾರರಿಗೂ ಹೋಗಬೇಕು. ನಮ್ಮ ಲೆಕ್ಕದಲ್ಲಿ ಜೂನ್ 16. ದೂರು ಸಾಬೀತಾದರೆ ಸಮಿತಿ ಲಿಖಿತ ಕ್ಷಮೆಯಿಂದ ಹಿಡಿದು ಬಡ್ತಿ ತಡೆ, ಕೆಲಸದಿಂದ ತೆಗೆಯುವವರೆಗೆ ಶಿಫಾರಸು ಮಾಡಬಹುದು. ಅವನ ಸಂಬಳದಿಂದ ಕಡಿದು ಅವಳಿಗೆ ಪರಿಹಾರ ಕೊಡಿಸಬಹುದು. ಅದನ್ನು ನಿಗದಿಮಾಡುವಾಗ ಅವಳ ಮಾನಸಿಕ ನೋವು, ಕೈತಪ್ಪಿದ ಅವಕಾಶ, ಚಿಕಿತ್ಸೆಯ ಖರ್ಚು, ಅವನ ಆದಾಯ ಎಲ್ಲವನ್ನೂ ನೋಡಬೇಕು. ಅವನು ನಡುವೆ ರಾಜೀನಾಮೆ ಕೊಟ್ಟು ಬೇರೆ ಕಂಪನಿ ಸೇರಿಬಿಟ್ಟರೆ? ಪುಣೆಯಲ್ಲಿ ಇದು ದಿನಬೆಳಗಿನ ಮಾತು. ಸಂಬಳದಲ್ಲಿ ಕಡಿಯಲಾಗದಿದ್ದರೆ ಪರಿಹಾರವನ್ನು ಅವನೇ ಕಟ್ಟಬೇಕೆಂದು ಆದೇಶಿಸಬಹುದು. ಕಟ್ಟದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿಗೆ ಜಿಲ್ಲಾ ಅಧಿಕಾರಿಗೆ ಕಳಿಸಬಹುದು. ಈ ಅಧಿಕಾರವನ್ನು ಬಳಸುವ ಸಮಿತಿಗಳು ಕಡಿಮೆ. ಬಳಸಬೇಕು.

ದೂರು ಸಾಬೀತಾಗದಿದ್ದರೆ ಅದು ಸುಳ್ಳು ದೂರು ಎಂದರ್ಥವಲ್ಲ. ದ್ವೇಷದಿಂದ, ಸುಳ್ಳೆಂದು ಗೊತ್ತಿದ್ದೇ ಕೊಟ್ಟದ್ದು ಎಂದು ಬೇರೆಯಾಗಿ ವಿಚಾರಣೆಯಲ್ಲಿ ಸಿದ್ಧವಾದರೆ ಮಾತ್ರ ಅವಳ ಮೇಲೆ ಕ್ರಮ. ಇದನ್ನು ದೂರು ಕೊಡುವ ಮೊದಲೇ ಅವಳಿಗೆ ಬೆದರಿಕೆಯಂತೆ ಓದಿ ಹೇಳುವ ಎಚ್‌ಆರ್‌ನವರಿದ್ದಾರೆ. ಅದು ಅನ್ಯಾಯ.

ವರದಿ ಸಿಕ್ಕ ಅರವತ್ತು ದಿನದಲ್ಲಿ ಮಾಲೀಕರು ಕ್ರಮ ತೆಗೆದುಕೊಳ್ಳಬೇಕು, ಅಂದರೆ ಆಗಸ್ಟ್ 15ರೊಳಗೆ. ಮೇಲ್ಮನವಿಗೆ ತೊಂಬತ್ತು ದಿನ. ಎಲ್ಲಿಂದ? ಮಾಲೀಕರು ಕ್ರಮ ತೆಗೆದುಕೊಂಡ ದಿನದಿಂದಲ್ಲ, ಸಮಿತಿಯ ಶಿಫಾರಸಿನಿಂದ. ಜೂನ್ 16ರಿಂದ ಎಣಿಸಿದರೆ ಸೆಪ್ಟೆಂಬರ್ 14. ಕಂಪನಿ ಏನು ಮಾಡುತ್ತದೋ ನೋಡೋಣ ಎಂದು ಆಗಸ್ಟ್ ಮಧ್ಯದವರೆಗೆ ಕಾದ ಹುಡುಗಿಗೆ ಉಳಿಯುವುದು ಮೂವತ್ತೇ ದಿನ. ಎರಡು ಅವಧಿಗಳೂ ಒಟ್ಟಿಗೇ ಓಡುತ್ತಿರುತ್ತವೆ. ಇದನ್ನು ವರದಿಯ ಜೊತೆಗೇ ಅವಳಿಗೆ ಬರೆದುಕೊಡುವ ಪದ್ಧತಿ ಬರಬೇಕೆಂದು ನಾನು ಸಮಿತಿಗಳಲ್ಲಿ ಪಟ್ಟು ಹಿಡಿದು ಹೇಳುತ್ತೇನೆ.

ಇಷ್ಟೆಲ್ಲ ಮಾಡದ ಮಾಲೀಕರಿಗೆ ದಂಡ 50,000 ರೂಪಾಯಿವರೆಗೆ, ಎರಡನೆಯ ಸಲ ಅದರ ಎರಡು ಪಟ್ಟು, ಲೈಸೆನ್ಸ್ ರದ್ದಾಗುವ ಸಾಧ್ಯತೆಯೂ ಉಂಟು. ಹಿಂಜವಡಿಯ ದೊಡ್ಡ ಕಂಪನಿಗೆ ಐವತ್ತು ಸಾವಿರ ಒಂದು ಮೊತ್ತವೇ ಅಲ್ಲ. ಕಾಯ್ದೆಯ ದುರ್ಬಲ ಜಾಗಗಳಲ್ಲಿ ಇದೂ ಒಂದು.

ಕೊನೆಗೆ, ಆಂತರಿಕ ಸಮಿತಿಯೇ ಇಲ್ಲದವರ ಮಾತು. ಹತ್ತು ಜನರಿಗಿಂತ ಕಡಿಮೆ ಇರುವ ಭೋಸರಿಯ ಚಿಕ್ಕ ವರ್ಕ್‌ಶಾಪು, ಕಟ್ಟಡದ ಸಣ್ಣ ಗುತ್ತಿಗೆದಾರ, ಮನೆಗೆಲಸ.  ಇವರಿಗಾಗಿ, ಮತ್ತು ದೂರು ಮಾಲೀಕನ ಮೇಲೇ ಇರುವವರಿಗಾಗಿ, ಜಿಲ್ಲಾ ಅಧಿಕಾರಿಯ ಕೈಕೆಳಗೆ ಸ್ಥಳೀಯ ಸಮಿತಿ ಇರಬೇಕು. ಸಮಾಜಸೇವೆಯಲ್ಲಿ ಹೆಸರಾದ ಮಹಿಳೆ ಅದರ ಅಧ್ಯಕ್ಷೆ, ಆ ಭಾಗದಲ್ಲಿ ದುಡಿಯುವ ಹೆಂಗಸೊಬ್ಬರು, ಸಂಘಸಂಸ್ಥೆಗಳಿಂದ ಇಬ್ಬರು, ಜೊತೆಗೆ ಸಮಾಜ ಕಲ್ಯಾಣ ಅಥವಾ ಮಹಿಳಾ ಮಕ್ಕಳ ಇಲಾಖೆಯ ಅಧಿಕಾರಿ. ಪ್ರತಿ ತಾಲೂಕಿಗೆ, ನಗರದಲ್ಲಿ ವಾರ್ಡಿಗೆ, ದೂರು ತೆಗೆದುಕೊಳ್ಳುವ ಒಬ್ಬ ನೋಡಲ್ ಅಧಿಕಾರಿ. ಅವರು ದೂರನ್ನು ಏಳು ದಿನದಲ್ಲಿ ಸಮಿತಿಗೆ ಮುಟ್ಟಿಸಬೇಕು. ಕಾಯ್ದೆ ಬಂದು ಹನ್ನೊಂದು ವರ್ಷವಾದ ಮೇಲೂ ಸುಪ್ರೀಂ ಕೋರ್ಟು 2024ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಹೇಳಬೇಕಾಯಿತು: ಜಿಲ್ಲಾ ಅಧಿಕಾರಿಗಳನ್ನು ಆ ತಿಂಗಳ ಕೊನೆಯೊಳಗೆ ನೇಮಿಸಿ, ಸ್ಥಳೀಯ ಸಮಿತಿಗಳನ್ನು 2025ರ ಜನವರಿ 31ರೊಳಗೆ ರಚಿಸಿ ಎಂದು.

ಪುಣೆಯ ಮನೆಗೆಲಸದ ಹೆಂಗಸರು 1980ರಲ್ಲೇ ಬೀದಿಗಿಳಿದು ಮುಷ್ಕರ ಹೂಡಿ ಸಂಘ ಕಟ್ಟಿದವರು. ವಿಜಯಪುರ, ಕಲಬುರಗಿ, ಯಾದಗಿರಿಗಳಿಂದ ಬಂದು ಇಲ್ಲಿ ಮನೆಮನೆಯಲ್ಲಿ ದುಡಿಯುವ ಕನ್ನಡದ ಹೆಂಗಸರೂ ನಮ್ಮ ನಡುವೆ ಇದ್ದಾರೆ. ಕಾಯ್ದೆ ಮನೆಯನ್ನೂ ಕೆಲಸದ ಸ್ಥಳವೆಂದೇ ಒಪ್ಪಿದೆ. ಆದರೆ ಮನೆಗೆಲಸದವಳ ದೂರು ಬಂದಾಗ, ಮೇಲ್ನೋಟಕ್ಕೆ ಹುರುಳಿದೆ ಎನಿಸಿದರೆ, ಸ್ಥಳೀಯ ಸಮಿತಿ ಅದನ್ನು ಏಳು ದಿನದಲ್ಲಿ ಪೊಲೀಸರಿಗೆ ಕಳಿಸಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ಸಾಫ್ಟ್‌ವೇರ್ ಹುಡುಗಿಗೆ ಸಿಗುವ ಸಮಿತಿಯ ವಿಚಾರಣೆ, ಮಧ್ಯಂತರ ರಕ್ಷಣೆ, ಪರಿಹಾರದ ಲೆಕ್ಕ, ಇವೆಲ್ಲ ಇವಳಿಗೆ ಬಹುಮಟ್ಟಿಗೆ ಮಸುಕು. ಠಾಣೆಯ ಮೆಟ್ಟಿಲು ಹತ್ತಲು ಇಷ್ಟವಿಲ್ಲದೆ, ಬಾಕಿ ಸಂಬಳ ಕೊಡಿಸಿ, ಆ ಮನೆಯಿಂದ ಬಿಡಿಸಿ ಎಂದಷ್ಟೇ ಕೇಳುವವಳಿಗೆ ಈ ಕಾಯ್ದೆಯಲ್ಲಿ ನೇರ ಉತ್ತರವಿಲ್ಲ. ಇದನ್ನು ತಿದ್ದಬೇಕೆಂದು ಮಹಿಳಾ ಸಂಘಟನೆಗಳು ಕೇಳುತ್ತಲೇ ಇವೆ, ನಾನೂ ಕೇಳುತ್ತೇನೆ.

ತಿದ್ದುಪಡಿ ಬರುವವರೆಗೆ ಮಾಡಬಹುದಾದ ಕೆಲಸ ಒಂದಿದೆ, ಮತ್ತು ಅದು ಈ ಸಭೆಯಲ್ಲಿರುವ ನಿಮ್ಮಿಂದಲೇ ಆಗಬಹುದಾದದ್ದು. ಆ ಹೆಂಗಸಿಗೆ ಬರುವುದು ಕನ್ನಡ, ಅಲ್ಪಸ್ವಲ್ಪ ಮರಾಠಿ. ಅವಳ ಮಾತನ್ನು ಕೇಳಿ ಇನ್ನೊಬ್ಬರು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡರೆ, ಮುಂದೆ ಪಾಟೀ ಸವಾಲಿನಲ್ಲಿ ಅವಳದೇ ಹೇಳಿಕೆ ಅವಳಿಗೇ ಎದುರಾಗಿ ನಿಲ್ಲುತ್ತದೆ. ದೂರನ್ನು ಅವಳ ಮಾತಿನಲ್ಲೇ ಕನ್ನಡದಲ್ಲಿ ಬರೆದು, ಅವಳಿಗೆ ಓದಿ ಹೇಳಿ, ಕೆಳಗೆ ತಾರೀಖು ಹಾಕಿ, ಅದಕ್ಕೆ ಮರಾಠಿ ಅನುವಾದ ಲಗತ್ತಿಸಿ, ನೋಡಲ್ ಅಧಿಕಾರಿಯಿಂದ ಸ್ವೀಕೃತಿಯ ಸಹಿ ಪಡೆಯಬೇಕು. ನಿಮ್ಮ ವಾರ್ಡಿನ ನೋಡಲ್ ಅಧಿಕಾರಿ ಯಾರು, ಸ್ಥಳೀಯ ಸಮಿತಿಯ ಅಧ್ಯಕ್ಷೆ ಯಾರು, ಸಮಿತಿಯ ಅವಧಿ ಯಾವಾಗ ಮುಗಿಯುತ್ತದೆ ಎಂದು ಜಿಲ್ಲಾಧಿಕಾರಿ ಕಚೇರಿಗೆ ಬರೆದು ಕೇಳಿ. ಆ ಮೂರು ಉತ್ತರಗಳನ್ನು ನಿಮ್ಮ ವಸತಿ ಸಂಕೀರ್ಣದ ನೋಟೀಸು ಬೋರ್ಡಿಗೆ ಕನ್ನಡದಲ್ಲೂ ಮರಾಠಿಯಲ್ಲೂ ಹಾಕಿಸಿ, ಕೆಲಸದವರು ಬೆಳಿಗ್ಗೆ ಒಳಗೆ ಬರುವ ಗೇಟಿನ ಪಕ್ಕದಲ್ಲಿ.